‘ಎಲ್ಲಿ ತನಕ ಬರ್ತದ?’: ಪ್ರವಾಹದ ಪ್ರಕಟಣೆ ಉತ್ತರಿಸದ ಪ್ರಶ್ನೆ

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ಇಂಡಿ ಕಡೆಯ ನಮ್ಮ ಕಾಕಾ ಫೋನ್ ಮಾಡಿದ್ದರು. ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಸರ್ಕಾರಿ ಪ್ರಕಟಣೆ ಬಂದಿತ್ತು. ಅವರು ಅದನ್ನು ಎರಡು ಸಲ ಓದಿಸಿಕೊಂಡಿದ್ದರು, ಆದರೂ ಏನು ಮಾಡಬೇಕು ಅನ್ನೋದು ಗೊತ್ತಾಗಿರಲಿಲ್ಲ.

“ತಮ್ಮಾ, ಲಕ್ಷಗಟ್ಟಲೆ ಕ್ಯೂಸೆಕ್ಸ್ ಅಂತ ಬರದಾರ. ಅಂದ್ರ ನಮ್ಮ ಹಣಮಪ್ಪನ ಗುಡಿ ತನಕ ಬರ್ತದೇನ?”

“ಅದನ್ನ ಹೇಳಾಕ ಬರಂಗಿಲ್ಲ ಕಾಕಾ.”

“ಮತ್ತ ನೀ ಸಿವಿಲ್ ಓದಿ ಏನ್ ಮಾಡಿದಿ?”

ಮಾತು ತಮಾಷೆಯದೇ, ಆದರೆ ಪ್ರಶ್ನೆ ತಮಾಷೆಯದಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೂ ಆ ಪ್ರಕಟಣೆಯಿಂದ ಉತ್ತರ ತೆಗೆಯಲು ಆಗಲಿಲ್ಲ. ಅದರಲ್ಲಿ ಉತ್ತರ ಇರಲೇ ಇಲ್ಲ. ಆವತ್ತಿನಿಂದ ಮಳೆಗಾಲದಲ್ಲಿ ಇಂಥ ಪ್ರಕಟಣೆ ಕಂಡಾಗಲೆಲ್ಲ ಸೇವ್ ಮಾಡಿ ಇಟ್ಟುಕೊಳ್ಳುತ್ತೇನೆ. ಇಂಡಿ, ಸಿಂದಗಿ ಕಡೆಯವು ಭೀಮೆಯ ಬಗ್ಗೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯವು ಕೃಷ್ಣೆಯ ಬಗ್ಗೆ. ನದಿ ಬೇರೆ, ಕಚೇರಿ ಬೇರೆ, ಆದರೆ ಧಾಟಿ ಮಾತ್ರ ಒಂದೇ. ಅವನ್ನೆಲ್ಲ ಸೇರಿಸಿ ನಾನೇ ಬರೆದ ಒಂದು ಮಾದರಿ ಇಲ್ಲಿದೆ. ಇದು ಯಾವುದೇ ಒಂದು ಕಚೇರಿಯ ಪ್ರಕಟಣೆಯ ನಕಲಲ್ಲ:

“ಮೇಲ್ಭಾಗದ ಜಲಾಶಯದಿಂದ 1,00,000 ಕ್ಯೂಸೆಕ್ ನೀರನ್ನು ನದಿಗೆ ಹರಿಬಿಡಲಾಗಿದ್ದು, ಯಾವುದೇ ಕ್ಷಣದಲ್ಲಿ ಹೊರಹರಿವು ಹೆಚ್ಚಾಗುವ ಸಂಭವವಿರುವುದರಿಂದ ನದಿ ಪಾತ್ರದ ಸಾರ್ವಜನಿಕರು ತಮ್ಮ ಜನ-ಜಾನುವಾರುಗಳೊಂದಿಗೆ ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು ಹಾಗೂ ನದಿಗೆ ಇಳಿಯತಕ್ಕದ್ದಲ್ಲ ಎಂದು ಈ ಮೂಲಕ ಸೂಚಿಸಲಾಗಿದೆ.”

ಉತ್ತರ ಕರ್ನಾಟಕದ ಹೊಳೆ ದಂಡೆಯಲ್ಲಿ ಬೆಳೆದವರಿಗೆ ಈ ವಾಕ್ಯ ಬಾಯಿಪಾಠ ಇರುತ್ತೆ. ಸರ್ಕಾರ ಜನರ ಜೊತೆ ಗತ್ತಿನಿಂದ ಮಾತಾಡಬೇಕೋ, ಸರಳವಾಗಿ ಮಾತಾಡಬೇಕೋ, ಪ್ರೀತಿಯಿಂದ ಮಾತಾಡಬೇಕೋ ಅನ್ನುವ ಚರ್ಚೆ ಆಗಾಗ ನಡೆಯುತ್ತೆ. ಮೂರನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು, ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗುತ್ತೆ ಅಂತ ನಾವು ಅಂದುಕೊಂಡಿದ್ದೇವೆ. ಈ ಒಂದು ವಾಕ್ಯವನ್ನು ಬಿಡಿಸಿ ನೋಡಿದರೆ ಬೇರೆಯದೇ ಕಾಣುತ್ತೆ. ಕಾಕಾನ ಪ್ರಶ್ನೆಗೆ ಉತ್ತರ ಕೊಡದ ಪ್ರಕಟಣೆಗೆ ಈ ಮೂರರಲ್ಲಿ ಒಂದೂ ದಕ್ಕುವುದಿಲ್ಲ.

ಕ್ಯೂಸೆಕ್ ಯಾರ ಭಾಷೆ?

ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28.3 ಲೀಟರ್. ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲಕ್ಷ ಲೀಟರ್. ಬೇಸಿಗೆಯಲ್ಲಿ ನಮ್ಮೂರುಗಳಿಗೆ ಬರುವ 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೇಳುವುದಾದರೆ ಸೆಕೆಂಡಿಗೆ 566 ಟ್ಯಾಂಕರ್. ಕೇಳಿದರೆ ಎದೆ ಝಲ್ಲೆನ್ನುತ್ತೆ. ಆದರೆ ಹಣಮಪ್ಪನ ಗುಡಿ ಮುಳುಗುತ್ತೋ ಇಲ್ಲವೋ ಅನ್ನೋದು ಇದರಿಂದಲೂ ಗೊತ್ತಾಗಲ್ಲ.

ಕಾರಣ ಸರಳ. ಕ್ಯೂಸೆಕ್ ಹರಿವಿನ ಅಳತೆ, ಗುಡಿಗೆ ಬೇಕಿರೋದು ಮಟ್ಟದ ಅಳತೆ. ಒಂದನ್ನು ಇನ್ನೊಂದಕ್ಕೆ ಬದಲಿಸಲು ಆ ಜಾಗದ ನದಿ ಎಷ್ಟು ಅಗಲ, ಎಷ್ಟು ಇಳಿಜಾರು, ದಂಡೆ ಎಷ್ಟು ಎತ್ತರ ಅನ್ನೋದು ಗೊತ್ತಿರಬೇಕು. ಹರಿವು ಎರಡು ಪಟ್ಟಾದರೆ ಆಳವೂ ಎರಡು ಪಟ್ಟಾಗುತ್ತೆ ಅನ್ನೋದು ತಪ್ಪು. ಅಗಲವಾದ ನದಿಯಲ್ಲಿ ಆಳವು ಹೆಚ್ಚುಕಡಿಮೆ ಹರಿವಿನ 0.6ನೇ ಘಾತದಂತೆ ಏರುತ್ತದೆ. ಒಂದು ಜಾಗದಲ್ಲಿ ಒಂದು ಲಕ್ಷ ಕ್ಯೂಸೆಕ್‌ಗೆ 5 ಮೀಟರ್ ಆಳ ಅಂತ ಇಟ್ಟುಕೊಳ್ಳಿ. ಎರಡು ಲಕ್ಷಕ್ಕೆ ಅದು 10 ಮೀಟರ್ ಆಗಲ್ಲ, ಸುಮಾರು 7.6 ಆಗುತ್ತೆ. ಮೂರು ಲಕ್ಷಕ್ಕೆ ಸುಮಾರು 9.7.

ಹಾಗಾದರೆ ಹೆದರಿಕೆ ಕಡಿಮೆ ಆಯಿತು ಅಂತಲೂ ಅಲ್ಲ. ದಂಡೆ ಮೀರಿದ ಮೇಲೆ ನೀರು ಮೇಲೆ ಏರುವುದಕ್ಕಿಂತ ಅಡ್ಡಡ್ಡ ಹರಡುತ್ತೆ. ಅಲ್ಲಿಂದಾಚೆ ಮಟ್ಟದಲ್ಲಿ ಒಂದು ಮೊಳ ಏರಿದರೂ ಹೊಲದಲ್ಲಿ ಎಕರೆಗಟ್ಟಲೆ ದೂರ ಬಂದುಬಿಡುತ್ತೆ. ನಿನ್ನೆ ನೋಡಿದಾಗ ಇನ್ನೂ ದೂರ ಇದ್ದ ನೀರು ಬೆಳಗಾಗುವಷ್ಟರಲ್ಲಿ ಮೋಟರಿನ ಹತ್ತಿರ ನಿಂತಿರೋದು ಇದೇ ಕಾರಣಕ್ಕೆ. “ಎರಡ ದಿನದಿಂದ ನಿಧಾನಕ್ಕ ಏರಾಕತ್ತಿತ್ತು” ಅಂತ ಅಂದಾಜು ಹಾಕಿದವರು ಮೋಸ ಹೋಗೋದೂ ಇಲ್ಲೇ.

ಭೀಮೆಯಲ್ಲಿ ಇನ್ನೊಂದು ತೊಡಕಿದೆ. ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಬರೋದು ಮಹಾರಾಷ್ಟ್ರದ ಉಜನಿ ಜಲಾಶಯದ ಹೊರಹರಿವು. ಆದರೆ ಉಜನಿಯ ಕೆಳಗೆ ನೀರಾ ನದಿ ಬಂದು ಸೇರುತ್ತದೆ, ಅದರ ಮೇಲೆ ವೀರ್ ಜಲಾಶಯ ಇದೆ. ಇನ್ನೂ ಕೆಳಗೆ, ಸೊಲ್ಲಾಪುರ ದಾಟಿದ ಮೇಲೆ ಸೀನಾ ಸೇರುತ್ತದೆ. ಇಂಡಿ, ಸಿಂದಗಿ ಕಡೆ ಹರಿಯೋದು ಈ ಮೂರರ ಮೊತ್ತ, ಜೊತೆಗೆ ನಡುವಿನ ಮಳೆ. ಉಜನಿಯ ಅಂಕಿ ಒಂದನ್ನೇ ಹಾಕಿದರೆ ಸೀನಾ ಉಕ್ಕಿದ ದಿನ ಆ ಪ್ರಕಟಣೆ ಲೆಕ್ಕಕ್ಕೆ ಬಾರದು.

ಒಂದೇ ಪ್ರಕಟಣೆ, ಎರಡು ಊರು, ಎರಡು ಅರ್ಥ

ಕೃಷ್ಣೆಯ ಕಡೆ ಬಂದರೆ ಸಮಸ್ಯೆ ಇನ್ನೂ ಸ್ಪಷ್ಟ. “ಆಲಮಟ್ಟಿಯಿಂದ ನೀರು ಬಿಡಲಾಗಿದೆ, ಬಸವನ ಬಾಗೇವಾಡಿ ತಾಲ್ಲೂಕಿನ ನದಿ ಪಾತ್ರದ ಜನ ಎಚ್ಚರದಿಂದಿರಬೇಕು” ಅಂತ ಒಂದು ಸಾಲು ಬರುತ್ತೆ ಅಂದುಕೊಳ್ಳಿ. ಹಳೆಯ ಬಾಗೇವಾಡಿ ತಾಲ್ಲೂಕಿನಲ್ಲಿ ಕೊಲ್ಹಾರವೂ ಇತ್ತು, ನಿಡಗುಂದಿಯೂ ಇತ್ತು, ಆಲಮಟ್ಟಿಯೂ ಇತ್ತು. ಈಗ ಕೊಲ್ಹಾರ, ನಿಡಗುಂದಿ ಬೇರೆ ತಾಲ್ಲೂಕಾಗಿವೆ, ಆದರೆ ಜನರ ಬಾಯಲ್ಲಿ ಇನ್ನೂ ಅದು ಬಾಗೇವಾಡಿ ಕಡೆ.

ಕೊಲ್ಹಾರ ಇರೋದು ಅಣೆಕಟ್ಟಿನ ಮೇಲ್ಭಾಗದಲ್ಲಿ, ಹಿನ್ನೀರಿನ ದಂಡೆಗೆ. ಆಲಮಟ್ಟಿಯ 26 ಗೇಟುಗಳಿಂದ ಹೊರಹರಿವು ಹೆಚ್ಚಿಸಿದರೆ ಅಲ್ಲಿ ನೀರು ಏರುವುದಿಲ್ಲ. ಜಲಾಶಯದ ಮಟ್ಟ 519.60 ಮೀಟರ್ ದಾಟದಂತೆ ತಡೆಯಲೆಂದೇ ಗೇಟು ತೆಗೆಯೋದು. ಹಿನ್ನೀರಿನ ಊರಿಗೆ ಬೇಕಿರೋದು ಹೊರಹರಿವಿನ ಅಂಕಿ ಅಲ್ಲ. ಒಳಹರಿವು ಎಷ್ಟು, ಜಲಾಶಯದ ಮಟ್ಟ ಎಷ್ಟು ಅನ್ನೋದು ಬೇಕು. ಒಳಗೆ ಬರೋದು ಹೊರಗೆ ಹೋಗೋದಕ್ಕಿಂತ ಹೆಚ್ಚಾದರೆ ಮಾತ್ರ ಅವರ ಕಡೆ ನೀರು ಏರುತ್ತೆ.

ಅಣೆಕಟ್ಟಿನ ಕೆಳಗಿರುವವರಿಗೆ ಇದೇ ಸಾಲು ತದ್ವಿರುದ್ಧ. ಗೇಟು ತೆಗೆದರೆ ನೇರವಾಗಿ ಅವರ ದಂಡೆಗೆ ನೀರು. ಇನ್ನೂ ಮುಂದೆ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕಡೆಗೆ ಬಂದರೆ ಅದು ಎರಡು ಅಣೆಕಟ್ಟುಗಳ ನಡುವಿನ ಜಾಗ. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರದ ಬಸವಸಾಗರ. ಅಲ್ಲಿನ ಮಟ್ಟವನ್ನು ಆಲಮಟ್ಟಿ ಎಷ್ಟು ಬಿಟ್ಟಿತು ಅನ್ನೋದರ ಜೊತೆಗೆ ನಾರಾಯಣಪುರ ಎಷ್ಟು ಹಿಡಿದುಕೊಂಡಿದೆ ಅನ್ನೋದೂ ತೀರ್ಮಾನಿಸುತ್ತೆ.

ಅಂದರೆ “ನದಿ ಪಾತ್ರದ ಸಾರ್ವಜನಿಕರು” ಅನ್ನೋ ಒಂದೇ ಗುಂಪು ಅಲ್ಲಿಲ್ಲ. ಕನಿಷ್ಠ ಮೂರು ಗುಂಪು ಇವೆ, ಅವರಿಗೆ ಹೇಳಬೇಕಾದ್ದೂ ಮೂರು ಬಗೆಯದು. ಹಿನ್ನೀರಿನ ದಂಡೆಯವರು ಪ್ರತಿ ವರ್ಷ “ಗೇಟ್ ತೆಗೆದಾರ, ಓಡ್ರಿ” ಅನ್ನೋ ಸಂದೇಶ ನೋಡ್ತಾರೆ, ಏನೂ ಆಗಿರಲ್ಲ. ತೋಳ ಬಂತು ತೋಳ ಕತೆ ಆಗುತ್ತೆ. ನಿಜವಾಗಿ ಒಳಹರಿವು ಏರಿದ ವರ್ಷ ಅದೇ ಪ್ರಕಟಣೆ ಬಂದರೆ ಯಾರು ನಂಬ್ತಾರೆ? ಸರ್ಕಾರದ ಗತ್ತು ಕಳೆದುಹೋಗೋದು ಹೀಗೆ. ದನಿ ಮೆತ್ತಗಾಗಿದ್ದಕ್ಕೆ ಅಲ್ಲ, ಹೇಳಿದ್ದು ತಮಗೆ ಸಂಬಂಧ ಇಲ್ಲ ಅಂತ ಜನ ಕಲಿತಿದ್ದಕ್ಕೆ.

ಈ ಭಾಷೆ ಎಲ್ಲಿಂದ ಬಂತು?

ಅಧಿಕಾರಿಗಳಿಗೆ ಕಾಳಜಿ ಇಲ್ಲ ಅಂತ ಬೈದುಬಿಡೋದು ಸುಲಭ. ನಾನು ಹಾಗೆ ನೋಡಲ್ಲ. ಆ ವಾಕ್ಯ ಮೂಲದಲ್ಲಿ ಜನರಿಗೆ ಬರೆದದ್ದೇ ಅಲ್ಲ. ಗೇಟು ನೋಡಿಕೊಳ್ಳುವ ಇಂಜಿನಿಯರ್ ಜಿಲ್ಲಾಡಳಿತಕ್ಕೆ ತಿಳಿಸೋದು ಹೊರಹರಿವು, ಒಳಹರಿವು, ಮಟ್ಟ. ಅವರಿಗೆ ಅದೇ ಸರಿಯಾದ ಭಾಷೆ, ಹಣಮಪ್ಪನ ಗುಡಿ ಅವರಿಗೆ ಗೊತ್ತಿರಬೇಕಾಗಿಲ್ಲ. ಆ ಪತ್ರ ಜಿಲ್ಲಾಧಿಕಾರಿ ಕಚೇರಿಗೆ, ಅಲ್ಲಿಂದ ತಹಶೀಲ್ದಾರರಿಗೆ, ಅಲ್ಲಿಂದ ಗ್ರಾಮ ಆಡಳಿತ ಅಧಿಕಾರಿಗೆ ಮತ್ತು ಪಂಚಾಯ್ತಿಗೆ ಬರುತ್ತೆ. ಗುಡಿ ಗೊತ್ತಿರೋದು ಈ ಕೊನೆಯವರಿಗೆ. ಆದರೆ ಅವರ ಕೈಗೆ ಬರುವಷ್ಟರಲ್ಲಿ ಸಮಯ ಇರಲ್ಲ, ಮೇಲಿನವರ ಪದ ಬದಲಿಸುವ ಧೈರ್ಯವೂ ಇರಲ್ಲ. ಹಾಗಾಗಿ ಕಚೇರಿ ಕಚೇರಿಗೆ ಬರೆದ ಪತ್ರವೇ ಫೋಟೋ ಆಗಿ ಗ್ರೂಪಿಗೆ ಬೀಳುತ್ತೆ.

ಆ ಪತ್ರದ ವ್ಯಾಕರಣವೂ ಜೊತೆಗೇ ಬರುತ್ತೆ. “ಹರಿಬಿಡಲಾಗಿದ್ದು”, “ಸೂಚಿಸಲಾಗಿದೆ”. ಯಾರು ಬಿಟ್ಟರು, ಯಾರು ಸೂಚಿಸಿದರು? ಕನ್ನಡದಲ್ಲಿ ಈ ‘ಲಾಗಿದೆ’ ಪ್ರಯೋಗ ಮಾಡಿದವರನ್ನು ವಾಕ್ಯದಿಂದ ಹೊರಗೆ ಕಳಿಸಿಬಿಡುತ್ತೆ. ಅದು ಗತ್ತಿನ ಭಾಷೆ ಅಂತ ನಮಗೆ ಅಭ್ಯಾಸ ಆಗಿದೆ. ಆದರೆ ಹೊಳೆ ಏರುವ ರಾತ್ರಿ ಗತ್ತು ಇರೋದು ಹೆಸರಿನಲ್ಲಿ. “ನಾನು, ಈ ತಾಲ್ಲೂಕಿನ ತಹಶೀಲ್ದಾರ್, ಸಂಜೆ 6ರೊಳಗೆ ಕೆಳಗಿನ ಓಣಿ ಖಾಲಿ ಮಾಡಿ ಅಂತ ಹೇಳುತ್ತಿದ್ದೇನೆ” ಅನ್ನುವ ಮಾತಿಗೆ ಇರುವ ತೂಕ “ಸೂಚಿಸಲಾಗಿದೆ”ಗೆ ಇಲ್ಲ. ವಿಪತ್ತು ನಿರ್ವಹಣಾ ಕಾಯ್ದೆ, 2005ರ 34ನೇ ಕಲಂ ಜಿಲ್ಲಾ ಪ್ರಾಧಿಕಾರಕ್ಕೆ ಅಪಾಯದ ಜಾಗಕ್ಕೆ ಓಡಾಟ ನಿಯಂತ್ರಿಸುವ ಅಧಿಕಾರ ಕೊಟ್ಟಿದೆ. ಸೇತುವೆ ಮುಚ್ಚಿದ್ದರೆ ಆ ಕಲಂ ಹಾಕಿ, ಮುಚ್ಚಿದ್ದೇವೆ ಅನ್ನಲಿ. ಬಳಸದೇ ಇರುವ ಕಾನೂನನ್ನು ಪ್ರತಿ ಪ್ರಕಟಣೆಯ ಬುಡದಲ್ಲಿ ಬೆದರಿಕೆಗೆ ಇಡೋದು ಬೇಡ.

ಕ್ರಿಯಾಪದದ ಕಡೆ ಸ್ವಲ್ಪ ನೋಡಿ. “ಇಳಿಯತಕ್ಕದ್ದಲ್ಲ” ಅನ್ನೋದು ನಿಯಮದ ಪುಸ್ತಕ ಮಾತಾಡಿದ ಹಾಗೆ. “ಇಳಿಯಬಾರದು” ಅಂದರೆ ಮೇಷ್ಟ್ರು ಮಾತಾಡಿದ ಹಾಗೆ. “ಇಳಿಯಬೇಡಿ” ಅಂದರೆ ಎದುರಿಗೆ ನಿಂತ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಹೇಳಿದ ಹಾಗೆ. ಮೂರರಲ್ಲೂ ಆಜ್ಞೆ ಒಂದೇ, ಕೊನೆಯದರಲ್ಲಿ ಬಹುವಚನದ ಮರ್ಯಾದೆಯೂ ಇದೆ, ಅರ್ಥದಲ್ಲಿ ಗೊಂದಲವೂ ಇಲ್ಲ. ಹಾಗಂತ ಇಡೀ ಪ್ರಕಟಣೆಯನ್ನು ನಮ್ಮ ಆಡುಮಾತಿನಲ್ಲಿ, “ಹೋಗಬ್ಯಾಡ್ರಿ ಯಪ್ಪಾ” ಅಂತ ಬರೆಯಲು ಹೊರಟರೆ ಅದು ನಾಟಕದ ಡೈಲಾಗ್ ಆಗುತ್ತೆ, ಜನ ನಕ್ಕು ಫಾರ್ವರ್ಡ್ ಮಾಡ್ತಾರೆ. ವ್ಯಾಕರಣ ಬರಹದ್ದೇ ಇರಲಿ. ಪದ ಮಾತ್ರ ಊರಿನವು ಇರಲಿ: ಹೊಳೆ ದಂಡೆ, ಮೋಟರು, ದನಕರು, ಕಣಕಿ, ಓಣಿ.

ಬೆಚ್ಚಗಿನ ಮಾತು ಎಂದರೆ ಸಿಹಿ ಮಾತಲ್ಲ

ಈಗೀಗ ಕೆಲವು ಕಚೇರಿಗಳ ಸೋಷಿಯಲ್ ಮೀಡಿಯಾ ಪೋಸ್ಟ್‌ಗಳಲ್ಲಿ ಇನ್ನೊಂದು ತುದಿ ಕಾಣಿಸುತ್ತಿದೆ. “ಪ್ರಿಯ ನಾಗರಿಕ ಬಂಧುಗಳೇ, ಆತಂಕ ಬೇಡ, ಸರ್ಕಾರ ನಿಮ್ಮೊಂದಿಗಿದೆ” ಅಂತ ಶುರುವಾಗಿ, ಕೈ ಮುಗಿದ ಚಿತ್ರ, ಮೇಲೆ ನಾಲ್ಕು ಜನರ ಫೋಟೋ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ. ಆತಂಕ ಬೇಡ ಅಂದ ಮೇಲೆ ಮನೆ ಬಿಟ್ಟು ಹೋಗಿ ಅಂದರೆ ಯಾವುದನ್ನು ನಂಬಬೇಕು?

ಜನ ಹೆದರಿ ದಿಕ್ಕಾಪಾಲಾಗ್ತಾರೆ ಅನ್ನೋ ಅಳುಕು ಇದರ ಹಿಂದಿದೆ. ಅಮೆರಿಕದ ಸಂಶೋಧಕರಾದ ಡೆನಿಸ್ ಮಿಲೆಟಿ ಮತ್ತು ಜಾನ್ ಸೊರೆನ್ಸೆನ್ 1990ರಲ್ಲಿ ವಿಪತ್ತಿನ ಎಚ್ಚರಿಕೆಗಳ ಬಗ್ಗೆ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಎಚ್ಚರಿಕೆ ಕೇಳಿದ ಕೂಡಲೇ ಜನ ಗಾಬರಿಬಿದ್ದು ಓಡ್ತಾರೆ ಅನ್ನೋದು ಬಹುತೇಕ ಕಟ್ಟುಕತೆ. ಜನ ನಿಜವಾಗಿ ಮಾಡೋದು ಅಕ್ಕಪಕ್ಕದವರನ್ನು, ನೆಂಟರನ್ನು ಕೇಳಿ ಖಚಿತಪಡಿಸಿಕೊಳ್ಳೋದು. ನಮ್ಮ ಕಾಕಾ ನನಗೆ ಫೋನ್ ಮಾಡಿದ ಹಾಗೆ. ಹೀಗೆ ವಿಚಾರಿಸುವುದರಲ್ಲೇ ಹೊತ್ತು ಹೋಗುತ್ತೆ. ಅದನ್ನು ಕಡಿಮೆ ಮಾಡಲು ಐದು ಸಂಗತಿ ಹೇಳಬೇಕು ಅಂತ ಅವರು ಪಟ್ಟಿ ಮಾಡಿದರು: ಹೇಳ್ತಿರೋದು ಯಾರು, ಅಪಾಯ ಏನು, ಎಲ್ಲಿ, ಯಾವಾಗ, ಏನು ಮಾಡಬೇಕು. ನನ್ನ ಮಾದರಿ ವಾಕ್ಯವನ್ನು ಈ ಪಟ್ಟಿಗೆ ಹಿಡಿದು ನೋಡಿ. ಯಾರು ಅನ್ನೋದು ಇಲ್ಲ. ಎಲ್ಲಿ ಅನ್ನೋದಕ್ಕೆ “ನದಿ ಪಾತ್ರ”, ಯಾವಾಗ ಅನ್ನೋದಕ್ಕೆ “ಯಾವುದೇ ಕ್ಷಣ”, ಏನು ಮಾಡಬೇಕು ಅನ್ನೋದಕ್ಕೆ “ಸುರಕ್ಷಿತ ಸ್ಥಳ”.

ಹೊಳೆ ದಂಡೆಯ ರೈತ ಮನೆ ಬಿಡಲು ಹಿಂದೇಟು ಹಾಕೋದು ಹಟಕ್ಕಲ್ಲ. ದನಕ್ಕೆ ಎಲ್ಲಿ ಜಾಗ, ಕಣಕಿ ಯಾರು ಕೊಡ್ತಾರೆ, ಹೊಳೆಯಲ್ಲಿರುವ ಮೋಟರು ಏನಾಗುತ್ತೆ ಅನ್ನೋ ಲೆಕ್ಕ ತಲೆಯಲ್ಲಿ ಓಡ್ತಿರುತ್ತೆ. ರಾತ್ರಿ ಮೋಟರು ಎತ್ತಲು ಹೋಗಿ ನೀರಿನಲ್ಲಿ ಸಿಕ್ಕಿಹಾಕಿಕೊಳ್ಳುವವರು ಪ್ರತಿ ಪ್ರವಾಹದಲ್ಲೂ ಇರ್ತಾರೆ. ಈ ಲೆಕ್ಕಕ್ಕೆ ಉತ್ತರ ಕೊಡುವ ಸಾಲು ನನ್ನ ಪ್ರಕಾರ ನಿಜವಾದ ಬೆಚ್ಚಗಿನ ಮಾತು. ಸರ್ಕಾರಕ್ಕೆ ಇದು ಬಾರದ ವಿದ್ಯೆಯೂ ಅಲ್ಲ. ಹಿಂದೆ ‘ಗಂಜಿ ಕೇಂದ್ರ’ ಅಂತಿದ್ದದ್ದನ್ನು ಈಗ ಅದರದೇ ಕಾಗದಪತ್ರಗಳು ‘ಕಾಳಜಿ ಕೇಂದ್ರ’ ಅನ್ನುತ್ತವೆ. ಗಂಜಿ ಕೇಂದ್ರಕ್ಕೆ ಹೋಗೋದು ಅಂದರೆ ಕೈಚಾಚಿದ ಹಾಗೆ ಅನಿಸುತ್ತಿತ್ತು, ಕಾಳಜಿ ಕೇಂದ್ರದಲ್ಲಿ ಆ ಮುಜುಗರ ಇಲ್ಲ. ಒಂದು ಪದಕ್ಕೆ ಇಷ್ಟು ಯೋಚನೆ ಆಗಿದೆ ಅಂದರೆ, ಒಂದು ಪ್ರಕಟಣೆಗೂ ಆಗಬಹುದು.

ಮತ್ತೆ ಬರೆದರೆ ಹೇಗಿರುತ್ತೆ?

ಭೀಮಾ ದಂಡೆಯ ಒಂದು ಊರಿಗೆ ನಾನೇ ಬರೆದ ಕರಡು ಇಲ್ಲಿದೆ. ಊರು, ಸಮಯ ಎಲ್ಲ ಉದಾಹರಣೆಗೆ, ಸಹಾಯವಾಣಿ ಸಂಖ್ಯೆ ಮಾತ್ರ ನಿಜವಾದದ್ದು.

“ಭೀಮಾ ಪ್ರವಾಹ ಎಚ್ಚರಿಕೆ. ಬುಧವಾರ (ದಿನಾಂಕ, ವರ್ಷ), ಮಧ್ಯಾಹ್ನ 3 ಗಂಟೆ.

ಹೊಳೆ ನೀರು ಇಂದು ರಾತ್ರಿ 10ರ ಹೊತ್ತಿಗೆ ಹಣಮಪ್ಪನ ಗುಡಿಯ ಮೂರನೇ ಮೆಟ್ಟಿಲ ತನಕ ಬರಬಹುದು. ಕೆಳಗಿನ ಓಣಿಯವರು ಸಂಜೆ 6ರೊಳಗೆ ಹೈಸ್ಕೂಲಿನ ಕಾಳಜಿ ಕೇಂದ್ರಕ್ಕೆ ಬನ್ನಿ. ದನಕರುಗಳನ್ನು ಕರೆತನ್ನಿ, ಹೈಸ್ಕೂಲ್ ಮೈದಾನದಲ್ಲಿ ಜಾಗ, ಮೇವು, ನೀರು ಇದೆ. ವಯಸ್ಸಾದವರು, ಬಾಣಂತಿಯರು ಇದ್ದರೆ ಫೋನ್ ಮಾಡಿ, ಗಾಡಿ ಕಳಿಸುತ್ತೇವೆ.

ಮೋಟರು ಎತ್ತುವವರು ಸಂಜೆ 5ರೊಳಗೆ ಎತ್ತಿಕೊಳ್ಳಿ. ಕತ್ತಲಾದ ಮೇಲೆ ಹೊಳೆಗೆ ಇಳಿಯಬೇಡಿ, ರಾತ್ರಿ ನೀರು ಬೇಗ ಏರುತ್ತದೆ. ಮೇಲಿನ ಓಣಿಯವರು ಈಗ ಮನೆ ಬಿಡಬೇಕಾಗಿಲ್ಲ.

ಸೀನಾ ನದಿಯಲ್ಲಿ ಮಳೆ ಹೆಚ್ಚಾದರೆ ಈ ಅಂದಾಜು ಬದಲಾಗಬಹುದು. ಮುಂದಿನ ಮಾಹಿತಿ ರಾತ್ರಿ 8ಕ್ಕೆ, ಬದಲಾವಣೆ ಇಲ್ಲದಿದ್ದರೂ ತಿಳಿಸುತ್ತೇವೆ. ಸಹಾಯಕ್ಕೆ: 1077. ತಹಶೀಲ್ದಾರ್ (ಹೆಸರು).”

ಕ್ಯೂಸೆಕ್ ಇದರಲ್ಲಿ ಇಲ್ಲ. ಬೇಕಾದವರಿಗೆ ಕೆಳಗೆ ಒಂದು ಸಾಲಿನಲ್ಲಿ ಹಾಕಬಹುದು. ದಿನಾಂಕ, ವರ್ಷ ಮೊದಲ ಸಾಲಿನಲ್ಲೇ ಇರಬೇಕು, ಯಾಕೆಂದರೆ “ಇಂದು ರಾತ್ರಿ” ಅಂತಷ್ಟೇ ಇರುವ ಫೋಟೋ ಮುಂದಿನ ವರ್ಷವೂ ಗ್ರೂಪಿನಲ್ಲಿ ಓಡಾಡುತ್ತೆ. ಅಂದಾಜು ತಪ್ಪಬಹುದು ಅಂತ ಬಾಯಿ ಬಿಟ್ಟು ಹೇಳಿದ್ದಕ್ಕೆ ಗತ್ತು ಕಡಿಮೆಯಾಗಲ್ಲ, ಮುಂದಿನ ಮಾಹಿತಿಯ ಸಮಯ ಕೊಟ್ಟು ಅದನ್ನು ಪಾಲಿಸಿದರೆ ಹೆಚ್ಚೇ ಆಗುತ್ತೆ. ಇನ್ನೊಂದು ಪರೀಕ್ಷೆ ಡಂಗುರದವರದು. ಸಾಲನ್ನು ಒಂದೇ ಉಸಿರಿನಲ್ಲಿ ಕೂಗಿ ಹೇಳಲು ಬಂದರೆ ಓದಲು ಬಾರದವರಿಗೂ ಮುಟ್ಟುತ್ತೆ. “ಹರಿಬಿಡಲಾಗಿದ್ದು ಸಂಭವವಿರುವುದರಿಂದ” ಅನ್ನೋದನ್ನು ಕೂಗಿ ನೋಡಿ.

ಆದರೆ ಒಂದು ಮಾತು. ಈ ಕರಡಿನ ಮೊದಲ ವಾಕ್ಯ ಬರೆಯಲು ಭಾಷೆ ಚೆನ್ನಾಗಿದ್ದರೆ ಸಾಲದು. ಮೂರನೇ ಮೆಟ್ಟಿಲು ಅನ್ನೋದು ಎಲ್ಲಿಂದ ಬರಬೇಕು? ಮಳೆಗಾಲಕ್ಕೆ ಮೊದಲೇ ಊರೂರಿನಲ್ಲಿ ಒಂದು ಪಟ್ಟಿ ಸಿದ್ಧ ಇರಬೇಕು: ಮೇಲಿನ ಬ್ಯಾರೇಜಿನಲ್ಲಿ ಇಷ್ಟು ಹರಿವು ಇದ್ದಾಗ ನೀರು ಇಲ್ಲಿಗೆ ಬಂದಿತ್ತು ಅಂತ. 2019ರಲ್ಲಿ ಕೃಷ್ಣೆ, 2020ರಲ್ಲಿ ಭೀಮೆ ಎಲ್ಲಿ ತನಕ ಬಂದಿದ್ದವು ಅನ್ನೋದು ಊರಿನ ಹಿರಿಯರಿಗೆ ಗೊತ್ತು, ಗೋಡೆಯ ಮೇಲೆ ಬಣ್ಣದಲ್ಲಿ ಗುರುತು ಮಾಡಬಹುದು. ಆ ದಿನಗಳ ಹರಿವಿನ ದಾಖಲೆ ಇಲಾಖೆಯಲ್ಲಿ ಇರುತ್ತೆ. ಎರಡನ್ನೂ ಜೋಡಿಸುವುದು ಗ್ರಾಮ ಆಡಳಿತ ಅಧಿಕಾರಿ ಮತ್ತು ಒಬ್ಬ ಇಂಜಿನಿಯರ್ ಕೂತು ಮಾಡಬಹುದಾದ ಕೆಲಸ. ಹೊಸ ಸೇತುವೆ ಬಂದರೆ, ಮರಳು ತೆಗೆದು ನದಿಯ ತಳ ಬದಲಾದರೆ ಪಟ್ಟಿ ತಿದ್ದಬೇಕಾಗುತ್ತೆ. ಆದರೂ ಪಟ್ಟಿಯೇ ಇಲ್ಲದಿರುವುದಕ್ಕಿಂತ ಅದು ವಾಸಿ.

ಪಟ್ಟಿ ಇಲ್ಲದ ಊರಿನಲ್ಲಿ ಪ್ರಕಟಣೆ ಜನರಿಗಿಂತ ಕಚೇರಿಯನ್ನೇ ಕಾಪಾಡುತ್ತೆ. ಯಾರಾದರೂ ಕೊಚ್ಚಿಹೋದ ಮೇಲೆ “ನಾವು ಮೊದಲೇ ಎಚ್ಚರಿಸಿದ್ದೆವು” ಅನ್ನಲು ಒಂದು ದಾಖಲೆ, ತಪ್ಪು ಸತ್ತವನದು. ನಿಮ್ಮ ಊರು ಹೊಳೆ ದಂಡೆಯಲ್ಲಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮೂರಿನ ಪಟ್ಟಿ ಎಲ್ಲಿದೆ?

ಆವತ್ತು ರಾತ್ರಿ ಕಾಕಾ ಯಾವ ಪ್ರಕಟಣೆಯನ್ನೂ ಕಾಯಲಿಲ್ಲ. ಟಾರ್ಚ್ ಹಿಡಿದು ಗುಡಿಯ ಮೆಟ್ಟಿಲ ಮೇಲೆ ಒಂದು ಕಲ್ಲಿಟ್ಟು, ತಾಸಿಗೊಮ್ಮೆ ಹೋಗಿ ನೋಡಿ ಬಂದರು. ಕಲ್ಲು ಮುಳುಗಿದಾಗ ಎಮ್ಮೆಗಳ ಹಗ್ಗ ಬಿಚ್ಚಿದರು. ಎಪ್ಪತ್ತರ ಹತ್ತಿರದ ಮನುಷ್ಯ ಕತ್ತಲಲ್ಲಿ ಏರುವ ಹೊಳೆಯ ಅಂಚಿಗೆ ಐದಾರು ಸಲ ನಡೆದಿದ್ದರು.